ಎಂಬತ್ತು ಅವರೆಕಾಳಿನ ಸಂಬಳ

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದರೆ ಪೇಪರಿನಲ್ಲಿ ಆ ಫೋಟೊ ಬಂದೇ ಬರುತ್ತದೆ. ನಡುವೆ ಹುಡುಗ, ಆ ಕಡೆ ಅಪ್ಪ, ಈ ಕಡೆ ಅಮ್ಮ, ಅರ್ಧ ಬಾಯೊಳಗೆ ಹೋಗಿ ಅರ್ಧ ಹೊರಗೇ ನಿಂತ ಮೈಸೂರುಪಾಕು, ಮೇಲೆ ದಪ್ಪಕ್ಷರದಲ್ಲಿ ಇಷ್ಟು ಲಕ್ಷದ ಪ್ಯಾಕೇಜ್. ಒಳ್ಳೆ ಮಳೆಯಾದ ವರ್ಷ ಲಕ್ಷ ಹೋಗಿ ಕೋಟಿಯೂ ಆಗುತ್ತದೆ. ಆದರೆ ಆ ಹುಡುಗನ ಕೈಗೆ ತಿಂಗಳಿಗೆ ಎಷ್ಟು ಬರುತ್ತೆ ಅಂತ ಬರೆದಿರುವ ಒಂದೇ ಒಂದು ವರದಿಯನ್ನು ನಾನಂತೂ ಇವತ್ತಿನವರೆಗೆ ಓದಿಲ್ಲ. ಬರೆದರೆ ಸುದ್ದಿ ಸಾಯುತ್ತದೆ, ಅಲ್ವಾ? ಕಾಲೇಜಿನ ಮುಂದಿನ ವರ್ಷದ ಅಡ್ಮಿಷನ್ನೂ ಅದರ ಜೊತೆಗೇ ಹೋಗುತ್ತದೆ.

ಈ ಸಂಕ್ರಾಂತಿಗೆ ಅಂಥದ್ದೇ ಒಂದು ಪೇಪರ್ ತುಂಡು ನಮ್ಮಪ್ಪನ ಕೈಗೆ ಸಿಕ್ಕಿತು. ಅಂಗಡಿಯವನು ಹುರಿಗಡಲೆ ಕಟ್ಟಿಕೊಟ್ಟ ಪೊಟ್ಟಣ ಅದು. ಅಪ್ಪ ಕಡಲೆಯನ್ನು ಅಮ್ಮನ ಮೊರಕ್ಕೆ ಸುರಿದು, ಪೇಪರನ್ನು ತೊಡೆಯ ಮೇಲೆ ಒತ್ತಿ ಒತ್ತಿ ನೇರ ಮಾಡಿ, ಪೂರ್ತಿ ಓದಿದ. ನಾನು ಆಗಷ್ಟೇ ತುರುವೇಕೆರೆ ಬಸ್ಸಿಳಿದು ಬಂದಿದ್ದೆ. ಬಂದಿದ್ದೆ ಅನ್ನೋದು ದೊಡ್ಡ ಮಾತು. ಹಬ್ಬದ ಹಿಂದಿನ ದಿನ ಬೆಂಗಳೂರಿನಿಂದ ತುಮಕೂರು ದಿಕ್ಕಿಗೆ ಹೊರಟವರಿಗೆ ಗೊತ್ತು, ನೆಲಮಂಗಲ ದಾಟುವಷ್ಟರಲ್ಲಿ ಅರ್ಧ ಹಬ್ಬ ಮುಗಿದಿರುತ್ತದೆ. ಜಾಲಹಳ್ಳಿ ಕ್ರಾಸಿನಲ್ಲಿ ಒಂದು ಕಾಲಿಟ್ಟರೆ ಇನ್ನೊಂದು ಕಾಲಿಡೋಕೆ ಜಾಗ ಸಿಗೋದು ದಾಬಸ್‌ಪೇಟೆಯಲ್ಲಿ. ಅಷ್ಟು ಹೊತ್ತು ಯಾರದ್ದೋ ಕಬ್ಬಿನ ಜಲ್ಲೆಗೆ ಗಲ್ಲ ಒರಗಿಸಿಕೊಂಡು ನಿಂತು ಬಂದವನನ್ನು ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ನಿಂದು ಒಂಬತ್ತು ಅರವತ್ತು ಅಲ್ವೇನ್ಲಾ?"

"ಹೂಂ ಅಪ್ಪ."

"ಅಂದ್ರೆ ತಿಂಗಳಿಗೆ ಎಂಬತ್ತು ಸಾವಿರ."

ಇಲ್ಲೇ ನಾನು ಸುಮ್ನೆ ಹೂಂ ಅಂದು ಕೈಕಾಲು ತೊಳೆಯೋಕೆ ಹೋಗಬೇಕಿತ್ತು. "ಹಂಗಲ್ಲಪ್ಪ" ಅಂದುಬಿಟ್ಟೆ.

ಆಮೇಲೆ ಗೊತ್ತಾಯಿತು, ಅಪ್ಪ ಎರಡು ವರ್ಷದಿಂದ ಮನಸ್ಸಿನಲ್ಲೇ ನನ್ನ ಲೆಕ್ಕ ಬರೆಯುತ್ತಾ ಬಂದಿದ್ದಾನೆ. ಎಂಬತ್ತರಲ್ಲಿ ಬೆಂಗಳೂರಿನ ಖರ್ಚಿಗೆ ಮೂವತ್ತು. ಮನೆಗೆ ಕಳಿಸೋದು ಹತ್ತು. ಎಜುಕೇಶನ್ ಲೋನಿಗೆ ಹನ್ನೆರಡು. ಉಳಿದ ಇಪ್ಪತ್ತೆಂಟು ಸಾವಿರ ಎಲ್ಲಿ? ಇನ್ನೊಂದು ಬೋರ್ ಕೊರೆಸೋ ದುಡ್ಡು ಅದು, ಎರಡು ವರ್ಷದಲ್ಲಿ ಆರೂಮುಕ್ಕಾಲು ಲಕ್ಷ. ಮಗ ಕುಡಿಯುತ್ತಾನೋ, ಆನ್‌ಲೈನ್ ರಮ್ಮಿ ಆಡುತ್ತಾನೋ, ಇನ್ಯಾವ ಸಂಸಾರ ಸಾಕುತ್ತಿದ್ದಾನೋ ಅಂತ ಅಮ್ಮನ ಹತ್ತಿರ ಕೇಳಿದ್ದಾನೆ. ನನ್ನ ಹತ್ತಿರ ಕೇಳಿಲ್ಲ. ಈಗ ಆ ಹುರಿಗಡಲೆ ಪೊಟ್ಟಣ ಕೇಳಿಸಿತು.

ಮರುದಿನ ಬೆಳಿಗ್ಗೆ ಜಗಲಿ ಮೇಲೆ ಕೂತು ಹಿತಕಿದವರೆ ಮಾಡುತ್ತಿದ್ದೆವು. ರಾತ್ರಿಯೆಲ್ಲಾ ನೆನೆದ ಅವರೆಕಾಳು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿಸುಕಿದರೆ ಪುಳಕ್ಕಂತ ಸಿಪ್ಪೆಯಿಂದ ಹೊರಗೆ ಹಾರುತ್ತದೆ, ಸ್ವಲ್ಪ ಓರೆಯಾದರೆ ನೇರ ಕಣ್ಣಿಗೆ. ಅಪ್ಪ ಎಂಬತ್ತು ಕಾಳು ಎಣಿಸಿ ತಟ್ಟೆಗೆ ಹಾಕಿ ನನ್ನ ಮುಂದೆ ತಳ್ಳಿದ. "ಒಂದು ಕಾಳು ಒಂದು ಸಾವಿರ. ಯಾರು ಯಾರು ತಿಂತಾರೆ ತೆಗೆದು ತೋರಿಸು."

ಮೊದಲು ಐದು ಕಾಳು ತೆಗೆದೆ. ಇದು ಪಿ.ಎಫ್‌ಗೆ ಕಂಪನಿಯ ಪಾಲು ಅಂದೆ. ಬೇಸಿಕ್ 40,000, ಅದರಲ್ಲಿ ನೂರಕ್ಕೆ ಹನ್ನೆರಡು ಅಂದರೆ 4,800. ಅಪ್ಪ ತಲೆಯಾಡಿಸಿದ. "ಇದು ನಿನ್ನ ದುಡ್ಡೇ ತಾನೆ?" ನನ್ನದೇ. ಬಡ್ಡಿಯೂ ಬರುತ್ತೆ, ಹೋದ ವರ್ಷದ್ದು 8.25. ಬೋರ್ ಕೊರೆಸೋಕೆ ಮಾತ್ರ ಈ ತಿಂಗಳು ಸಿಗಲ್ಲ. ಅಪ್ಪ ಆ ಐದು ಕಾಳನ್ನು ತಟ್ಟೆಯ ಅಂಚಿಗೆ ಇಟ್ಟ, ತೀರಾ ಹೊರಗೂ ಅಲ್ಲ, ಒಳಗೂ ಅಲ್ಲ. ನ್ಯಾಯವಾಗೇ ಇತ್ತು.

ಆಮೇಲೆ ಎರಡು ಕಾಳು. "ಇದು ಗ್ರಾಚ್ಯುಟಿ."

ಇಲ್ಲಿ ಬಂದಿತು ನೋಡಿ ಕಥೆ. ಗ್ರಾಚ್ಯುಟಿ ಅಂದರೆ ಒಂದು ಕಡೆ ತುಂಬಾ ವರ್ಷ ದುಡಿದವನಿಗೆ ಬಿಡುವಾಗ ಕಂಪನಿ ಕೊಡಬೇಕಾದ ಹಣ. ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಹಿಡಿದು. ಬೇಸಿಕ್ಕಿನ ನೂರಕ್ಕೆ 4.81 ಅಂತ ಆಫರ್ ಲೆಟರಿನಲ್ಲಿ ಕಾಣುತ್ತದಲ್ಲ, ಅದು ಇದೇ. ನನ್ನದು ತಿಂಗಳಿಗೆ 1,924 ರೂಪಾಯಿ. 1972ರ ಕಾಯ್ದೆ ಕೊಟ್ಟ ಹಕ್ಕು ಇದು, ಯಾವ ಕಂಪನಿಯೂ ಮನಸ್ಸು ಕರಗಿ ಕೊಟ್ಟಿದ್ದಲ್ಲ. ಆದರೆ ಐದು ವರ್ಷ ತುಂಬಬೇಕು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಇಂತಿಷ್ಟು ಅವಧಿಗೆ ಅಂತ ಗುತ್ತಿಗೆ ಬರೆದು ಸೇರಿದವರಿಗೆ ಒಂದೇ ವರ್ಷ ಸಾಕು ಅಂತಾಗಿದೆ, ಕಾಯಂ ನೌಕರನಿಗೆ ಐದು ವರ್ಷ ಹಾಗೇ ಉಳಿದಿದೆ.

"ಮೂರು ವರ್ಷಕ್ಕೆ ಬಿಟ್ರೆ?"

"ಏನೂ ಇಲ್ಲ."

"ಹಂಗಾದ್ರೆ ಮೂರು ವರ್ಷದ ಈ ಕಾಳೆಲ್ಲಾ?"

"ಕಂಪನಿ ಹತ್ರಾನೇ ಇರುತ್ತೆ."

"ಕೊಟ್ಟಿದ್ದೀವಿ ಅಂತ ಬರೆದಿದ್ದಾರಲ್ಲೋ."

"ಬರೆದಿದ್ದಾರೆ."

ಅಪ್ಪ ಸ್ವಲ್ಪ ಹೊತ್ತು ಕಾಳು ಹಿಸುಕಿದ. ಆಮೇಲೆ, "ಐದು ವರ್ಷ ತುಂಬದೇ ಯಾರಿಗೂ ಕೊಡಲ್ವಾ?" ನಾನು ಓದಿದ್ದನ್ನು ಹೇಳಿದೆ, ಕೆಲಸದಲ್ಲಿರುವಾಗಲೇ ಸತ್ತರೆ ಅಥವಾ ಅಂಗ ಊನವಾಗಿ ದುಡಿಯೋಕಾಗದೇ ಹೋದರೆ ಐದು ವರ್ಷದ ಷರತ್ತು ಇಲ್ಲ, ಸತ್ತರೆ ಮನೆಯವರಿಗೆ, ಊನವಾದರೆ ಅವನಿಗೇ ಕೊಡುತ್ತಾರೆ. ಒಳಗಿಂದ ಅಮ್ಮ, "ಹಬ್ಬದ ದಿನ ಬಾಯಲ್ಲಿ ಬರೋ ಮಾತಾ ಇದು?" ಅಂತ ಬೈದಳು. ಬಂದು ಆ ಎರಡು ಕಾಳನ್ನು ಬಾಚಿಕೊಂಡು ಹೋಗಿ ಸಾರಿಗೆ ಹಾಕಿದಳು. ನನಗೆ ಗೊತ್ತಿರುವಂತೆ ನನ್ನ ಗ್ರಾಚ್ಯುಟಿ ಯಾರಿಗಾದರೂ ಉಪಯೋಗಕ್ಕೆ ಬಂದಿದ್ದು ಅದೇ ಮೊದಲು.

ಇನ್ನೊಂದು ಕಾಳು ಇನ್ಶೂರೆನ್ಸ್. ತಿಂಗಳಿಗೆ ಸಾವಿರ. ಕಾಯಿಲೆ ಬಿದ್ದರೆ ಸಂಬಳ, ಬೀಳದಿದ್ದರೂ ಸಂಬಳ ಅಂತ ಬರೆದುಕೊಂಡಿದ್ದಾರೆ. ಅಪ್ಪ ಅದಕ್ಕೆ ತಕರಾರು ಮಾಡಲಿಲ್ಲ, ಅವನದ್ದೂ ಅಮ್ಮನದ್ದೂ ಹೆಸರಿದೆ ಅಂದಿದ್ದಕ್ಕೆ.

ಆಮೇಲೆ ಎಂಟು ಕಾಳು ತೆಗೆದೆ. ವೇರಿಯಬಲ್. ಸಿಟಿಸಿ ಅಂತ ಬರೆದಿರುವ ಆ ಒಂಬತ್ತು ಅರವತ್ತರ ಹತ್ತನೇ ಒಂದು ಭಾಗ, ವರ್ಷಕ್ಕೆ 96,000. ಇದನ್ನು ವಿವರಿಸೋಕೆ ಕಷ್ಟಪಡಬೇಕಾಗುತ್ತೆ ಅಂದುಕೊಂಡಿದ್ದೆ. ಅಪ್ಪನಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಅವನ ಇಡೀ ಜೀವನವೇ ವೇರಿಯಬಲ್ಲು. "ಮಳೆ ಬಂದ್ರೆ ಬೆಳೆ ಅನ್ನಂಗೆ" ಅಂದ. ಹೌದು, ಹಂಗೇ. "ಹೋದ ವರ್ಷ ಎಷ್ಟು ಬಂತು?" ಕಂಪನಿ ಗುರಿ ಮುಟ್ಟಿದ್ದು ನೂರಕ್ಕೆ 70. ನನಗೆ ಕೊಟ್ಟ ಅಂಕ ನೂರಕ್ಕೆ 80. ಎರಡನ್ನೂ ಕೂಡಲ್ಲ, ಗುಣಿಸುತ್ತಾರೆ. 56 ಆಯಿತು. 96,000ದಲ್ಲಿ ಕೈಗೆ ಬಂದಿದ್ದು 53,760.

"ಮಳೆ ಸುರಿಸೋನು ಯಾರು?"

"ಮ್ಯಾನೇಜರ್."

"ಅವನು ಚೆನ್ನಾಗಿದ್ದಾನಾ?"

"ಒಳ್ಳೆಯವನೇ. ಅವನ ಹತ್ರಾನೂ ಇಷ್ಟೇ ನೀರು ಅಂತ ಅಳೆದು ಕೊಟ್ಟಿರ್ತಾರೆ. ಟೀಮಲ್ಲಿ ಎಲ್ಲರೂ ಚೆನ್ನಾಗಿ ದುಡಿದರೂ ಯಾರಿಗಾದ್ರೂ ಒಬ್ಬರಿಗೆ ಕಮ್ಮಿ ಕೊಡಲೇಬೇಕು."

ನಾಲೆಯ ಕೊನೆ ಭಾಗದ ರೈತ ಅಂತ ನಮ್ಮ ಕಡೆ ಒಂದು ಮಾತಿದೆ. ಹೇಮಾವತಿ ನೀರು ಬಿಟ್ಟಿದ್ದಾರೆ ಅಂತ ಪೇಪರಲ್ಲಿ ಓದುವವನು ಅವನು. ಅಪ್ಪ ಆ ಮಾತು ಹೇಳಲಿಲ್ಲ, ನನ್ನ ಮುಖ ನೋಡಿದ ಅಷ್ಟೇ.

ಈಗ ತಟ್ಟೆಯಲ್ಲಿ 64 ಉಳಿದಿತ್ತು. ಇದರ ವಿಶೇಷ ಏನು ಗೊತ್ತಾ? ಇಷ್ಟು ಹೊತ್ತು ತೆಗೆದ ಹದಿನಾರು ಕಾಳೂ ತಿಂಗಳಿನ ಸಂಬಳದ ಚೀಟಿಯಲ್ಲಿ ಕಾಣಿಸೋದೇ ಇಲ್ಲ. ನನ್ನ ಚೀಟಿ ಶುರುವಾಗೋದೇ 64,276ರಿಂದ. ಆಫರ್ ಲೆಟರ್ ಒಂದು ಊರಿನ ಕಥೆ, ಪೇ ಸ್ಲಿಪ್ ಇನ್ನೊಂದು ಊರಿನ ಕಥೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡದವನಿಗೆ ಏನೋ ಕಳೆದಿದೆ ಅನ್ನೋದೂ ತಿಳಿಯೋದಿಲ್ಲ. ಕಡಿತ ಅಂತ ಒಂದು ಕಾಲಂ ಇದೆ, ಅದರಲ್ಲಿ ಇರೋದು ಚೂರೇ ಚೂರು. ನೋಡಿದವನಿಗೆ ಕಂಪನಿ ಎಷ್ಟು ಕಮ್ಮಿ ಹಿಡಿಯುತ್ತದಪ್ಪಾ ಅನ್ನಿಸಬೇಕು, ಹಾಗಿದೆ.

ಆ ಚೂರಿನಲ್ಲಿ ನನ್ನ ಪಾಲಿನ ಪಿ.ಎಫ್ ಮತ್ತೆ ಐದು ಕಾಳು. 59. ಇನ್ನು ವೃತ್ತಿ ತೆರಿಗೆ 200 ರೂಪಾಯಿ, ಅದಕ್ಕೆ ಕಾಳು ಒಡೆಯೋದು ಬೇಡ ಅಂತ ಅಪ್ಪ ಒಂದು ಸಿಪ್ಪೆ ತೆಗೆದು ಪಕ್ಕಕ್ಕಿಟ್ಟ. ಈ ವೃತ್ತಿ ತೆರಿಗೆಯ ಬಗ್ಗೆ ನಮ್ಮ ರಾಜ್ಯ ಸರ್ಕಾರವನ್ನು ಒಂದು ಮಾತು ಹೊಗಳಲೇಬೇಕು. ಸಂವಿಧಾನದಲ್ಲಿ ವರ್ಷಕ್ಕೆ 2,500 ರೂಪಾಯಿ ಮೀರಬಾರದು ಅಂತಿದೆ. ತಿಂಗಳಿಗೆ 200ರ ಹಾಗೆ 2,400 ಆಗುತ್ತಿತ್ತು. ಆ ನೂರು ರೂಪಾಯಿ ಬಿಡೋದು ಯಾಕೆ ಅಂತ 2025ರಿಂದ ಫೆಬ್ರವರಿಯಲ್ಲಿ ಮಾತ್ರ 300 ಹಿಡಿಯುತ್ತಾರೆ. ಇರೋದರಲ್ಲೇ ಸಣ್ಣ ತಿಂಗಳು ಹುಡುಕಿ ಅದಕ್ಕೇ ಜಾಸ್ತಿ ಹಾಕಿದ್ದಾರೆ. ಎಷ್ಟು ಸೂಕ್ಷ್ಮ ಕೆಲಸ ನೋಡಿ. ರಸ್ತೆ ಗುಂಡಿಗೂ ಇಷ್ಟೇ ಸೂಕ್ಷ್ಮವಾಗಿ ಅಳತೆ ಹಿಡಿದಿದ್ದರೆ!

ಆದಾಯ ತೆರಿಗೆ ಇಲ್ಲ ಅಂದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಕಟ್ಟೋ ಹಾಗಿಲ್ಲ. "ಅಷ್ಟಾದ್ರೂ ಬಿಟ್ಟರಲ್ಲ" ಅಂದ ಅಪ್ಪ. ಒಟ್ಟು ಕೈಗೆ 59,276.

ಅಪ್ಪ ಎದ್ದು ಒಳಗೆ ಹೋದ. ಬೇಜಾರಾಯಿತೇನೋ ಅಂದುಕೊಂಡೆ. ಗೋಡೆ ಗೂಡಿನಿಂದ ಒಂದು ಚೀಟಿ ತಂದು ನನ್ನ ಫೋನಿನ ಪಕ್ಕ ಇಟ್ಟ. ಹೋದ ಬೇಸಿಗೆಯಲ್ಲಿ ಟೊಮೆಟೊ ಹಾಕಿದ್ದನಲ್ಲ, ಮಂಡಿಯವನು ಕೊಟ್ಟ ಬಿಳಿ ಚೀಟಿ. ಮೇಲೆ ಬಾಕ್ಸಿನ ಲೆಕ್ಕ, ದರ, ದೊಡ್ಡದೊಂದು ಮೊತ್ತ. ಕೆಳಗೆ ಕಮಿಷನ್ನು, ಹಮಾಲಿ, ಬಾಡಿಗೆ, ಇನ್ನೇನೋ ಒಂದು ಅಕ್ಷರ, ಅದು ಏನು ಅಂತ ಬರೆದವನಿಗೂ ಗೊತ್ತಿಲ್ಲ. ರೈತನಿಂದ ಕಮಿಷನ್ ಕೀಳಬಾರದು, ಕೊಳ್ಳುವವನಿಂದ ತಗೋಬೇಕು ಅಂತ ಕಾನೂನಿದೆ. ಅದಕ್ಕೇ ಅದನ್ನು ಬಿಳಿ ಚೀಟಿಯಲ್ಲಿ ಬರೆಯೋದು, ರಸೀದಿ ಪುಸ್ತಕದಲ್ಲಿ ಅಲ್ಲ. ಅಪ್ಪ ನನ್ನ ಪೇ ಸ್ಲಿಪ್ ಕಡೆ ಬೆರಳು ತೋರಿಸಿ ಹೇಳಿದ, "ಇವನದ್ದೂ ಮಂಡೀನೇ ಕಣ್ಲಾ. ಆದ್ರೆ ನಮ್ಮ ಮಂಡಿಯವನು ವಾಸಿ, ಹಿಡಿದಿದ್ದನ್ನು ಹಿಡಿದೆ ಅಂತಾದ್ರೂ ಬರೀತಾನೆ. ಹಿಡಿದಿದ್ದನ್ನು ಕೊಟ್ಟೆ ಅಂತ ಬರೆಯಲ್ಲ."

ನಾನು ಸಮರ್ಥನೆಗೆ ಇಳಿದೆ, ಯಾಕೋ ಗೊತ್ತಿಲ್ಲ, ಬೆಂಗಳೂರಿನಲ್ಲಿದ್ದು ಅಭ್ಯಾಸವಾಗಿದೆ. ಹಂಗಲ್ಲಪ್ಪ, ಸಿಟಿಸಿ ಅಂದ್ರೆ ಕಾಸ್ಟ್ ಟು ಕಂಪನಿ, ನನ್ನನ್ನು ಇಟ್ಟುಕೊಳ್ಳೋಕೆ ಕಂಪನಿಗೆ ಬೀಳೋ ಒಟ್ಟು ಖರ್ಚು ಅದು, ಹೆಸರಲ್ಲೇ ಇದೆ, ಅವರೇನು ಸುಳ್ಳು ಹೇಳಿಲ್ಲ ಅಂದೆ.

ಅಪ್ಪ ಅಂಗಳದಲ್ಲಿ ಕಟ್ಟಿದ್ದ ಎತ್ತುಗಳ ಕಡೆ ನೋಡಿದ. ಬೆಳಿಗ್ಗೆಯೇ ಮೈ ತೊಳೆದು, ಕೊಂಬು ಹೆರೆದು ಬಣ್ಣ ಹಚ್ಚಿದ್ದ, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಸಂಜೆ ಕಿಚ್ಚು ಹಾಯಿಸಬೇಕಲ್ಲ.

"ಈ ಜೋಡಿಗೆ ವರ್ಷಕ್ಕೆ ಹಿಂಡಿ, ಬೂಸಾ, ಹುಲ್ಲು, ಲಾಳ, ಮೂಗುದಾರ, ಡಾಕ್ಟ್ರು, ಕೊಟ್ಟಿಗೆ ಹೆಂಚು, ಎಲ್ಲಾ ಸೇರಿ ಲಕ್ಷದ ಹತ್ರ ಆಗುತ್ತೆ. ಹಂಗಂತ ನನ್ನ ಎತ್ತಿಗೆ ಲಕ್ಷ ರೂಪಾಯಿ ಸಂಬಳ ಅಂತ ಊರೆಲ್ಲಾ ಹೇಳ್ಕಂಡು ಬರ್ಲಾ?"

ನಾನು ಏನು ಹೇಳಲಿ. ಎಡಗೋಲಿನ ಎತ್ತು ನನ್ನನ್ನೇ ನೋಡುತ್ತಾ ಮೆಲುಕು ಹಾಕುತ್ತಿತ್ತು.

ತಮಾಷೆ ಮಾಡುತ್ತಾ ಕೂತರೆ ಮಾಡಬಹುದು. ಆದರೆ ಇದರಲ್ಲಿ ನಿಜವಾಗಲೂ ಸುಸ್ತಾಗುವ ಒಂದು ವಿಷಯ ಇದೆ. ಕೆಲಸಕ್ಕೆ ಸೇರುವಾಗ ಈ ಯಾವುದನ್ನೂ ಯಾರೂ ಹೇಳುವುದಿಲ್ಲ. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ, ಮನೆಯಲ್ಲಿ ಮೊದಲ ಸಲ ಸಂಬಳ ನೋಡುವವನು, ಅವನ ಕೈಗೆ ಆ ದೊಡ್ಡ ನಂಬರ್ ಕೊಟ್ಟು ಸಹಿ ಹಾಕು ಅನ್ನುತ್ತಾರೆ. ಜೊತೆಗೆ ಗೋಪ್ಯ, ಸಂಬಳದ ವಿಷಯ ಯಾರ ಹತ್ತಿರವೂ ಮಾತಾಡಬೇಡ ಅಂತ ಒಂದು ಸಾಲು. ಫ್ರೆಶರ್‌ಗಳ ಮೂರು ಮೂರೂವರೆ ಲಕ್ಷದ ಪ್ಯಾಕೇಜು ಹತ್ತು ಹದಿನೈದು ವರ್ಷದಿಂದ ಹೆಚ್ಚುಕಮ್ಮಿ ಅಲ್ಲೇ ಕೂತಿದೆ, ಅದರಲ್ಲೂ ಗ್ರಾಚ್ಯುಟಿ ಒಳಗೆ, ವೇರಿಯಬಲ್ ಒಳಗೆ. ಆ ನಂಬರ್ ನಂಬಿ ಅಪ್ಪಂದಿರು ಸಾಲ ಮಾಡುತ್ತಾರೆ. ಅದೇ ನಂಬರ್ ನಂಬಿ, ಮಗ ದುಡ್ಡು ಎಲ್ಲೋ ಹಾಳು ಮಾಡುತ್ತಿದ್ದಾನೆ ಅಂತ ಎರಡು ವರ್ಷ ರಾತ್ರಿ ನಿದ್ದೆಗೆಡುತ್ತಾರೆ. ಕೈಗೆ ಎಷ್ಟು ಬರುತ್ತೆ ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟ ಇವರಿಗೆ? ಏನೂ ಕಷ್ಟ ಇಲ್ಲ. ಬರೆದರೆ ಹುಡುಗ ಹೆಚ್ಚು ಕೇಳುತ್ತಾನೆ, ಅದಕ್ಕೆ ಬರೆಯೋದಿಲ್ಲ.

ಇರಲಿ. ಅಪ್ಪನ ಪಾಳಿ ಇನ್ನೂ ಮುಗಿದಿರಲಿಲ್ಲ. ತಟ್ಟೆಯಿಂದ ಹತ್ತು ಕಾಳು ತೆಗೆದು 49 ಉಳಿಸಿದ. "ಈಗ ನಂದು ನೋಡು. ಒಂದು ಕಾಳಿಗೆ ನೂರು."

ರಾಗಿ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಲ್‌ಗೆ 4,886. ಖರ್ಚಿನ ಮೇಲೆ ನೂರಕ್ಕೆ ಐವತ್ತು ಲಾಭ ಕೊಟ್ಟಿದ್ದೀವಿ ಅಂತ ದಿಲ್ಲಿಯವರ ಮಾತು. ಅಂದರೆ ಅವರ ಲೆಕ್ಕದಲ್ಲಿ ಒಂದು ಕ್ವಿಂಟಲ್ ರಾಗಿ ಬೆಳೆಯೋಕೆ ಸುಮಾರು 3,257 ರೂಪಾಯಿ ಸಾಕು. ಅಪ್ಪ 33 ಕಾಳು ಒಂದು ಕಡೆ, 16 ಇನ್ನೊಂದು ಕಡೆ ಮಾಡಿದ. ಹಸಿರು ಶಾಲು ಹೊದ್ದು ರೈತ ಸಂಘದ ಸಭೆಗಳಲ್ಲಿ ಕೂತು ಬಂದವನು, ಇದು ಅವನಿಗೆ ಬಾಯಿಪಾಠ. 33ರಲ್ಲಿ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ ಬಂದಿದೆ. ಮನೆಯವರು ಮೈಮುರಿದು ದುಡಿದಿದ್ದಕ್ಕೂ ಇಷ್ಟು ಅಂತ ಒಂದು ಅಂದಾಜು ಕಟ್ಟಿ ಸೇರಿಸಿದ್ದಾರೆ. ಇದಕ್ಕೆ ಎ2 ಪ್ಲಸ್ ಎಫ್‌ಎಲ್ ಅಂತ ಹೆಸರು. ಆದರೆ ಸ್ವಂತ ಭೂಮಿಯ ಗೇಣಿ ಇದರಲ್ಲಿ ಇಲ್ಲ. ನಾವೇ ಹಾಕಿದ ಬಂಡವಾಳದ ಬಡ್ಡಿಯೂ ಇಲ್ಲ. ಅವೆರಡೂ ಸೇರಿದರೆ ಸಿ2. ಸ್ವಾಮಿನಾಥನ್ ಆಯೋಗದ ಹೆಸರು ಹೇಳಿ ರೈತರು ಇಷ್ಟು ವರ್ಷ ಕೇಳುತ್ತಾ ಬಂದಿರೋದು ಈ ಸಿ2ರ ಮೇಲೆ ಐವತ್ತು. ಕೊಡುತ್ತಿರೋದು ಚಿಕ್ಕ ಖರ್ಚಿನ ಮೇಲೆ ಐವತ್ತು.

"ನಿನಗೆ ಕೊಟ್ಟಿದ್ದು ದೊಡ್ಡದಾಗಿ ಕಾಣಬೇಕಲ್ಲ, ಅದಕ್ಕೆ ಬೀದಿಯಲ್ಲಿ ಹೋಗೋ ಖರ್ಚನ್ನೂ ಒಳಕ್ಕೆ ಎಳ್ಕಂಡವ್ರೆ. ನನಗೆ ಲಾಭ ದೊಡ್ಡದಾಗಿ ಕಾಣಬೇಕು, ಅದಕ್ಕೆ ಮನೆ ಒಳಗಿರೋ ಖರ್ಚನ್ನೇ ಆಚೆಗೆ ತಳ್ಳವ್ರೆ."

ಎಂ.ಬಿ.ಎ ಮಾಡಿದವರು ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಆಮೇಲೆ ಅಪ್ಪ ಮೆಲ್ಲಗೆ ಇನ್ನೊಂದು ಮಾತು ಹೇಳಿದ. ಆ 4,886 ಕೂಡ ಅವನ ಕೈಗೆ ಬಂದಿಲ್ಲ. ಸರ್ಕಾರದ ಖರೀದಿ ಕೇಂದ್ರಕ್ಕೆ ರೈತರ ನೋಂದಣಿ ನಂಬರ್ರಾದ ಫ್ರೂಟ್ಸ್ ಐಡಿ ಹಿಡಿದು ಹೆಸರು ಬರೆಸಿ, ಸರದಿ ಕಾದು, ಆಮೇಲೆ ಖಾತೆಗೆ ದುಡ್ಡು ಬರೋಕೆ ಕಾದು, ಅಷ್ಟೆಲ್ಲಾ ಆಗುವ ಹೊತ್ತಿಗೆ ಹಬ್ಬ ಹೋಗಿರುತ್ತದೆ. ಆರು ಮೂಟೆಯನ್ನು ಕಣಕ್ಕೇ ಬಂದ ವ್ಯಾಪಾರಿಗೆ ಕಮ್ಮಿಗೆ ಕೊಟ್ಟಿದ್ದಾನೆ. ಎಷ್ಟಕ್ಕೆ ಅಂತ ನಾನು ಕೇಳಲಿಲ್ಲ. ಅವನು ಎರಡು ವರ್ಷ ನನ್ನನ್ನು ಕೇಳದೆ ಇದ್ದದ್ದು ಯಾಕೆ ಅಂತ ಆಗ ಸ್ವಲ್ಪ ತಿಳಿಯಿತು.

ಅಮ್ಮ ಬಂದು ಅವನ 33, ಅವನ 16, ಅಂಚಿನಲ್ಲಿದ್ದ ಪಿ.ಎಫ್, ನನ್ನ ವೇರಿಯಬಲ್ ಎಲ್ಲಾ ಬಾಚಿ ಪಾತ್ರೆಗೆ ಹಾಕಿಕೊಂಡಳು. ಸಾರು ಚೆನ್ನಾಗಿತ್ತು.

ಸಂಜೆ ಊರ ಮುಂದೆ ಹುಲ್ಲು ಹಾಸಿ ಕಿಚ್ಚು ಹಚ್ಚಿದರು. ಎತ್ತುಗಳು ಹಾರಿದವು. ನೀಲಿ ಕೊಂಬಿನದ್ದು ಒಂದು ಕ್ಷಣ ನಿಂತು ಯೋಚನೆ ಮಾಡಿತು, ಹಿಂದೆ ಅಪ್ಪನ ದನಿ ಕೇಳಿ ಹಾರಿತು. ಮನೆಗೆ ವಾಪಸ್ ಬಂದಾಗ ಜಗಲಿ ಮೇಲೆ ದೂರದ ಮಾವ ಒಬ್ಬರು ಕಾಯುತ್ತಿದ್ದರು. ಚಿಕ್ಕನಾಯಕನಹಳ್ಳಿ ಕಡೆಯವರು, ನಾಲ್ಕಾರು ಮದುವೆ ಕುದುರಿಸಿದ ಕೈ. ಯಾವುದೋ ಹೆಣ್ಣಿನ ಜಾತಕ ಜೇಬಿನಲ್ಲಿತ್ತು. ರೈತರ ಮನೆಗೆ ಹೆಣ್ಣು ಸಿಗೋದು ಎಷ್ಟು ಕಷ್ಟ ಅಂತ ಶುರು ಮಾಡಿದರು. 2023ರಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಕೊಡಪ್ಪಾ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಅಲ್ಲಿಂದ ಹಿಡಿದು ತಮ್ಮ ಸ್ವಂತ ಷಡ್ಡಕನ ಮಗನವರೆಗೆ ಹೇಳಿ, ನನ್ನ ಕಡೆ ತಿರುಗಿ, ಮತ್ತೆ ಅಪ್ಪನ ಕಡೆ ತಿರುಗಿದರು.

"ಹುಡುಗನಿಗೆ ಏನು ಬತ್ತದೆ ಭಾವ?"

ಅಪ್ಪ ನನ್ನ ಕಡೆ ನೋಡಲಿಲ್ಲ. "ಒಂಬತ್ತು ಲಕ್ಷದ ಅರವತ್ತು ಸಾವಿರ."

ಮಾವ ಕಣ್ಣು ಮುಚ್ಚಿ ಹನ್ನೆರಡರಿಂದ ಭಾಗಿಸಿದರು. "ತಿಂಗಳಿಗೆ ಎಂಬತ್ತು! ಭೇಷ್." ಜೇಬಿನಿಂದ ಜಾತಕ ಹೊರಗೆ ಬಂತು.

ಅವರು ಹೋದ ಮೇಲೆ ನಾನು ಅಪ್ಪನನ್ನೇ ನೋಡುತ್ತಾ ನಿಂತೆ. ಅವನು ತಟ್ಟೆಯಲ್ಲಿ ಉಳಿದಿದ್ದ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, ಎತ್ತುಗಳಿಗೆ ಹುಲ್ಲು ಹಾಕೋಕೆ ಎದ್ದ.

"ಎಳ್ಳು ತಿಂದು ಒಳ್ಳೆ ಮಾತಾಡು ಅಂತಾರಲ್ಲ. ಆಡಿದೆ."